ಕಾರ್ಡ್ ಹೊಸದು, ಕಡಿತ ಮಾತ್ರ ಹಳೆಯದೇ

ಬೇಡವಾದ ಚಂದಾ ಒಂದರಿಂದ ಬಿಡಿಸಿಕೊಳ್ಳಲು ಅಮೆರಿಕದಲ್ಲಿರುವ ಅನೇಕರು ಒಂದು ಉಪಾಯವನ್ನು ನೆಚ್ಚಿಕೊಂಡಿರುತ್ತಾರೆ. ಕಂಪನಿಯ ಜಾಲತಾಣದಲ್ಲಿ ರದ್ದು ಮಾಡುವ ಗುಂಡಿ ಸಿಗದಿದ್ದರೆ, ಫೋನ್ ಮಾಡಿದರೆ ಯಾರೂ ಎತ್ತದಿದ್ದರೆ, ಬ್ಯಾಂಕಿಗೆ ಹೇಳಿ ಕಾರ್ಡನ್ನೇ ಬದಲಾಯಿಸಿಬಿಡುವುದು. ಹಳೆಯ ನಂಬರ್ ಸತ್ತ ಮೇಲೆ ಯಾರು ಎಲ್ಲಿಂದ ದುಡ್ಡು ಎಳೆದಾರು? ಕಾರ್ಡಿನ ಅವಧಿ ಮುಗಿಯುವ ತಿಂಗಳಿಗಾಗಿ ಕಾದು ಕೂರುವವರೂ ಇದ್ದಾರೆ. ಆ ತಿಂಗಳು ಕಳೆಯುತ್ತದೆ, ಹೊಸ ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಮುಂದಿನ ಸ್ಟೇಟ್‌ಮೆಂಟ್ ತೆರೆದರೆ ಅದೇ ಕಂಪನಿ, ಅದೇ ಮೊತ್ತ, ಎಂದಿನ ತಾರೀಕು. ಹೊಸ ನಂಬರನ್ನು ಇವರು ಯಾರಿಗೂ ಕೊಟ್ಟಿಲ್ಲ.

ಕೂಡಲೇ ಹುಟ್ಟುವ ಅನುಮಾನ ಕಳ್ಳತನದ್ದು. ಆದರೆ ಇಲ್ಲಿ ಯಾರೂ ಏನನ್ನೂ ಕದ್ದಿಲ್ಲ. ಹೊಸ ನಂಬರನ್ನು ಕಂಪನಿಗೆ ತಲುಪಿಸುವ ಏರ್ಪಾಡನ್ನು ಮಾಡಿಕೊಂಡಿರುವುದು ಕಾರ್ಡ್ ಕೊಟ್ಟ ಬ್ಯಾಂಕೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲದ ಮೂಲಕ. ಆ ಏರ್ಪಾಡು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ, ಅದನ್ನು ಎಲ್ಲಿ ಹಿಡಿದು ನಿಲ್ಲಿಸಬೇಕು ಎಂಬುದೂ ಗೊತ್ತಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನೆಲೆಸಿರುವ ಮೈಸೂರು ಕಡೆಯ ಒಬ್ಬ ಮಹಿಳೆ ಎಂದಿಟ್ಟುಕೊಳ್ಳಿ. ಅವರ ವೀಸಾ ಡೆಬಿಟ್ ಕಾರ್ಡಿನ ಕೊನೆಯ ನಾಲ್ಕು ಅಂಕಿ 4417. ಅದರ ಮೇಲೆ ಮೂರು ಕಡಿತಗಳು ಪ್ರತಿ ತಿಂಗಳೂ ನಡೆಯುತ್ತವೆ. 12ನೇ ತಾರೀಕು ಸಿನಿಮಾ ತೋರಿಸುವ ದೊಡ್ಡ ಕಂಪನಿಯದು, 15ಕ್ಕೆ ಮಗಳು ಕರ್ನಾಟಕ ಸಂಗೀತ ಕಲಿಯುವ ಅಲ್ಲಿಯದೇ ಒಂದು ಸಣ್ಣ ಶಾಲೆಯದು, 20ಕ್ಕೆ ತೂಕ ಇಳಿಸುವ ಆ್ಯಪ್ ಒಂದರ 30 ಡಾಲರ್. ಈ ಕೊನೆಯದು ಅವರಿಗೆ ಬೇಡವಾಗಿದೆ. ಒಂದು ವಾರ ಉಚಿತ ಎಂದು ಶುರುವಾಗಿ ಹಾಗೇ ಅಂಟಿಕೊಂಡದ್ದು. ಮಾರ್ಚ್ 7ರಂದು ಅಂಗಡಿಯಲ್ಲಿ ಅವರ ಕೈಚೀಲ ಕಳೆಯಿತು. ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದರು. 9052 ಎಂದು ಮುಗಿಯುವ ಹೊಸ ಕಾರ್ಡ್ ಮಂಜೂರಾಯಿತು. ಹೋದದ್ದು ಹೋಯಿತು, ಆ ಆ್ಯಪ್‌ನ ಕಾಟವಾದರೂ ತಪ್ಪಿತು ಎಂದುಕೊಂಡರು.

ಆ ತಿಂಗಳು ನಡೆದದ್ದು ಹೀಗೆ. 12ಕ್ಕೆ ಸಿನಿಮಾ ಕಂಪನಿಯ ಹಣ ಸಲೀಸಾಗಿ ಹೋಯಿತು. 15ಕ್ಕೆ ಸಂಗೀತ ಶಾಲೆಯ ಫೀಸು ಹೋಗಲಿಲ್ಲ. ಮೇಡಂ ಫೋನ್ ಮಾಡಿ, ನಿಮ್ಮ ಕಾರ್ಡ್ ಯಾಕೋ ನಡೆಯುತ್ತಿಲ್ಲ ಅಂದರು. 20ಕ್ಕೆ ಆ್ಯಪ್‌ನ 30 ಡಾಲರ್ ಹೊಸ ಕಾರ್ಡಿನಿಂದ ಹೋಯಿತು. ಉಳಿಯಬೇಕಾದದ್ದು ನಿಂತಿತು, ನಿಲ್ಲಬೇಕಾದದ್ದು ಉಳಿಯಿತು. ಮೂರೂ ಒಂದೇ ಕಾರ್ಡಿನ ಮೇಲಿದ್ದ ಕಡಿತಗಳು. ಹಾಗಿದ್ದೂ ಯಾಕೆ ಬೇರೆ ಬೇರೆಯಾದವು?

ಕಂಪನಿಯ ಬಳಿ ಇರುವುದೇನು ಎಂಬುದರಿಂದ ಶುರು ಮಾಡಬೇಕು. ಮೊದಲ ಸಲ ಕಾರ್ಡ್ ವಿವರ ತುಂಬಿದಾಗ ಹದಿನಾರು ಅಂಕಿಯ ನಂಬರ್, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಹಿಂಬದಿಯ ಮೂರಂಕಿಯ ಸಿವಿವಿ ಇಷ್ಟನ್ನೂ ಕೇಳುತ್ತಾರೆ. ಆ ಮೊದಲ ವ್ಯವಹಾರ ಮುಗಿದ ಮೇಲೆ ಸಿವಿವಿಯನ್ನು ಇಟ್ಟುಕೊಳ್ಳುವಂತಿಲ್ಲ. ಕಾರ್ಡ್ ಉದ್ಯಮದ ಸುರಕ್ಷತಾ ನಿಯಮ ಅದನ್ನು ನಿಷೇಧಿಸುತ್ತದೆ. ಉಳಿಯುವುದು ನಂಬರ್ ಮತ್ತು ಅವಧಿ, ಜೊತೆಗೆ ಗ್ರಾಹಕರು ಒಪ್ಪಿಗೆ ಕೊಟ್ಟ ಆ ಮೊದಲ ವ್ಯವಹಾರದ ಗುರುತು. ಮುಂದಿನ ತಿಂಗಳುಗಳಲ್ಲಿ ಕಂಪನಿ ಕಳಿಸುವ ಬೇಡಿಕೆಗೆ, ಇದು ಗ್ರಾಹಕರು ಈಗ ಕೂತು ಮಾಡುತ್ತಿರುವ ಖರೀದಿಯಲ್ಲ, ಹಿಂದೆ ಒಪ್ಪಿಕೊಂಡ ಚಂದಾ ಎಂಬ ಚೀಟಿ ಅಂಟಿರುತ್ತದೆ. ಹಾಗಾಗಿ ಬ್ಯಾಂಕ್ ಸಿವಿವಿ ಕೇಳುವುದಿಲ್ಲ. ಹೊಸ ಕಾರ್ಡಿನ ಹಿಂದೆ ಹೊಸ ಸಿವಿವಿ ಇದೆಯಲ್ಲ, ಅದು ಗೊತ್ತಿಲ್ಲದೆ ಅವರು ಹೇಗೆ ಎಳೆದರು ಎಂದು ಬೆರಗಾಗುವವರಿಗೆ ಉತ್ತರ ಇಷ್ಟೇ. ಚಂದಾ ವ್ಯವಹಾರಕ್ಕೆ ಅದು ಬೇಕೇ ಇಲ್ಲ.

ಹಾಗಾದರೆ ಕಂಪನಿಗೆ ಬೇಕಾದದ್ದು ಎರಡೇ, ಸರಿಯಾದ ನಂಬರ್ ಮತ್ತು ಸರಿಯಾದ ಅವಧಿ. ಇವೆರಡೂ ಬದಲಾದಾಗ ತಿಳಿಸುವುದಕ್ಕೇ ಒಂದು ಸೇವೆ ಇದೆ. ವೀಸಾದಲ್ಲಿ ಅದರ ಹೆಸರು ಅಕೌಂಟ್ ಅಪ್‌ಡೇಟರ್. ಮಾಸ್ಟರ್‌ಕಾರ್ಡ್ ಅದನ್ನು ಆಟೋಮ್ಯಾಟಿಕ್ ಬಿಲ್ಲಿಂಗ್ ಅಪ್‌ಡೇಟರ್ ಎನ್ನುತ್ತದೆ. ಅಮೆರಿಕನ್ ಎಕ್ಸ್‌ಪ್ರೆಸ್‌ನಲ್ಲಿ ಕಾರ್ಡ್‌ರಿಫ್ರೆಶರ್. ಹೆಸರು ಏನೇ ಇರಲಿ, ಕೆಲಸ ಒಂದೇ ಬಗೆಯದು.

ನಮ್ಮ ಎಡಿಸನ್ ಗ್ರಾಹಕಿಯ ಬ್ಯಾಂಕ್ ಹೊಸ ಕಾರ್ಡ್ ಮಂಜೂರು ಮಾಡಿದಾಗ ಅಂಚೆಗೆ ಕವರ್ ಹಾಕುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿತು. 4417ರ ಜಾಗಕ್ಕೆ 9052 ಬಂದಿದೆ, ಅವಧಿ ಇಂಥದ್ದು ಎಂಬ ಒಂದು ಸಾಲನ್ನು ವೀಸಾದ ಕಡತಕ್ಕೆ ಕಳಿಸಿತು. ಬ್ಯಾಂಕಿನ ಪಾಲಿನ ಕೆಲಸ ಅಲ್ಲಿಗೆ ಮುಗಿಯಿತು. ಯಾವ ಕಂಪನಿಗೆ ಹೇಳಬೇಕು, ಯಾವುದಕ್ಕೆ ಹೇಳಬಾರದು ಎಂದು ಬ್ಯಾಂಕ್ ಒಂದೊಂದಾಗಿ ಆರಿಸುವುದಿಲ್ಲ.

ಇನ್ನೊಂದು ತುದಿಯಲ್ಲಿ ಆ್ಯಪ್ ಕಂಪನಿ ಇದೆ. ಅದರ ಪರವಾಗಿ ಹಣ ವಸೂಲು ಮಾಡಿಕೊಡುವ ಸಂಸ್ಥೆ, 20ನೇ ತಾರೀಕಿಗೆ ಬಿಲ್ ಆಗಬೇಕಾದ ಕಾರ್ಡುಗಳ ಪಟ್ಟಿಯನ್ನು ಕೆಲವು ದಿನ ಮೊದಲೇ, 16ಕ್ಕೆ ಎನ್ನೋಣ, ಜಾಲಕ್ಕೆ ಕಳಿಸಿ ಇವುಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳುತ್ತದೆ. ಲಕ್ಷಾಂತರ ನಂಬರುಗಳ ಪಟ್ಟಿಯಲ್ಲಿ 4417 ಒಂದು. ವೀಸಾ ತನ್ನ ಕಡತದೊಂದಿಗೆ ಹೋಲಿಸಿ ನೋಡಿ ಪ್ರತಿ ನಂಬರಿಗೂ ಒಂದು ಉತ್ತರ ಕೊಡುತ್ತದೆ. ನಂಬರ್ ಬದಲಾಗಿದೆ, ಇಗೋ ಹೊಸದು ಎಂಬುದು ಒಂದು ಉತ್ತರ. ನಂಬರ್ ಅದೇ, ಅವಧಿ ಮಾತ್ರ ಮುಂದಕ್ಕೆ ಹೋಗಿದೆ ಎಂಬುದು ಇನ್ನೊಂದು. ಖಾತೆ ಮುಚ್ಚಿದೆ ಎಂದೂ ಉತ್ತರ ಬರಬಹುದು, ವಿವರ ಕೊಡಲಾಗದು, ಗ್ರಾಹಕರನ್ನೇ ಕೇಳಿ ಎಂದೂ ಬರಬಹುದು. ನಮ್ಮ ಗ್ರಾಹಕಿಯ ವಿಷಯದಲ್ಲಿ ಬಂದದ್ದು ಮೊದಲ ಉತ್ತರ. ಆ್ಯಪ್ ಕಂಪನಿಯ ಲೆಕ್ಕದಲ್ಲಿ 4417 ಅಳಿಸಿ 9052 ಕೂತಿತು. 20ರಂದು ಬೇಡಿಕೆ ಬಂದದ್ದು ಹೊಸ ನಂಬರಿನ ಮೇಲೆ. ಬ್ಯಾಂಕ್ ನೋಡಿದರೆ ಎಲ್ಲವೂ ಸರಿಯಾಗಿದೆ, ಒಪ್ಪಿತು.

ಹೀಗೆ ಪಟ್ಟಿ ಕಳಿಸಿ ಉತ್ತರ ಪಡೆಯುವುದು ಹಳೆಯ ಕ್ರಮ. ಈಗ ಅದೇ ವಿಚಾರಣೆ ಹಣ ಕೇಳುವ ಕ್ಷಣದಲ್ಲೇ ನಡೆಯುವುದೂ ಉಂಟು. ಹಳೆಯ ನಂಬರಿಗೆ ಬೇಡಿಕೆ ಬಂದರೆ ಜಾಲವೇ ಅದನ್ನು ಹೊಸದಕ್ಕೆ ತಿರುಗಿಸಿ ಬ್ಯಾಂಕಿಗೆ ಒಯ್ಯುತ್ತದೆ, ಉತ್ತರದ ಜೊತೆ ಹೊಸ ವಿವರವನ್ನೂ ಕಂಪನಿಗೆ ಕೊಡುತ್ತದೆ.

ಸಂಗೀತ ಶಾಲೆಯ ಫೀಸು ಯಾಕೆ ನಿಂತಿತು ಎಂಬುದು ಈಗ ಸುಲಭವಾಗಿ ತಿಳಿಯುತ್ತದೆ. ಈ ಸೇವೆಗೆ ಕಂಪನಿ ತನ್ನ ಕಡೆಯಿಂದ ಸೇರಿಕೊಂಡಿರಬೇಕು, ಇಲ್ಲವೇ ಅದರ ವಸೂಲಿ ಸಂಸ್ಥೆ ಸೇರಿಸಿರಬೇಕು. ತಿಂಗಳಿಗೆ ನಲವತ್ತು ಮಕ್ಕಳ ಫೀಸು ತೆಗೆದುಕೊಳ್ಳುವ ಶಾಲೆ ಆ ಗೋಜಿಗೆ ಹೋಗಿರಲಿಲ್ಲ. ಹಳೆಯ 4417ಕ್ಕೇ ಬೇಡಿಕೆ ಕಳಿಸಿತು, ಕಳೆದುಹೋದ ಕಾರ್ಡ್ ಎಂದು ಬ್ಯಾಂಕ್ ತಿರಸ್ಕರಿಸಿತು. ಹಾಗೆ ನೋಡಿದರೆ, ಕಾರ್ಡ್ ಬದಲಾದಾಗ ನಿಲ್ಲುವುದು ಹೆಚ್ಚಾಗಿ ಸಣ್ಣವರ, ಪರಿಚಿತರ ಹಣ. ಚಂದಾದಾರರನ್ನು ಉಳಿಸಿಕೊಳ್ಳುವುದೇ ಕಸುಬಾಗಿರುವ ದೊಡ್ಡವರ ಹಣ ನಿಲ್ಲುವುದು ಕಡಿಮೆ. ಬೇಡವಾದ ಚಂದಾಗಳು ಹೆಚ್ಚಾಗಿ ಈ ಎರಡನೆಯ ಗುಂಪಿನವೇ ಆಗಿರುವುದರಿಂದ ಕಾರ್ಡ್ ಬದಲಿಸುವ ಉಪಾಯ ಎಲ್ಲಿ ಬೇಕೋ ಅಲ್ಲೇ ಸೋಲುತ್ತದೆ.

ಅವಧಿ ಮುಗಿದ ಕಾರ್ಡಿನ ಕಥೆ ಇದಕ್ಕಿಂತ ಸರಳ. ಅವಧಿ ಮುಗಿದಾಗ ಬರುವ ಕಾರ್ಡಿನಲ್ಲಿ ಸಾಮಾನ್ಯವಾಗಿ ನಂಬರ್ ಬದಲಾಗುವುದೇ ಇಲ್ಲ. ತಿಂಗಳು, ವರ್ಷ ಮತ್ತು ಸಿವಿವಿ ಮಾತ್ರ ಹೊಸದು. ಹಾಗಾಗಿ ಕಂಪನಿಗೆ ತಿಳಿಯಬೇಕಾದದ್ದು ನಾಲ್ಕೇ ಅಂಕಿ. ಅಪ್‌ಡೇಟರ್ ಸೇವೆಯಲ್ಲಿ ಇಲ್ಲದ ಕಂಪನಿ ಹಳೆಯ ಅವಧಿಯನ್ನೇ ಹಾಕಿ ಕಳಿಸಿದರೂ, ಖಾತೆ ಜೀವಂತವಾಗಿದೆ, ವರ್ಷಗಳಿಂದ ನಡೆದುಬಂದ ಚಂದಾ ಇದು ಎಂದು ನೋಡಿ ಕೆಲವು ಬ್ಯಾಂಕುಗಳು ಒಪ್ಪಿಬಿಡುತ್ತವೆ. ಒಪ್ಪುವುದೂ ಬಿಡುವುದೂ ಬ್ಯಾಂಕಿನ ತೀರ್ಮಾನ. ಕಾರ್ಡಿನ ಮೇಲೆ ಅಚ್ಚಾದ ಅವಧಿ ಆ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದ್ದು, ಖಾತೆಗಲ್ಲ.

ಮೂರನೆಯ ದಾರಿಯೂ ಒಂದಿದೆ, ಇತ್ತೀಚೆಗೆ ಇದೇ ಹೆಚ್ಚುತ್ತಿದೆ. ಅದು ಟೋಕನ್. ಇಲ್ಲಿ ಕಂಪನಿಯ ಬಳಿ ಕಾರ್ಡಿನ ನಿಜವಾದ ನಂಬರ್ ಇರುವುದೇ ಇಲ್ಲ, ಅದರ ಬದಲು ಆ ಒಂದು ಕಂಪನಿಗೆ ಮಾತ್ರ ನಡೆಯುವ ಬದಲಿ ನಂಬರ್ ಇರುತ್ತದೆ. ಯಾವ ಟೋಕನ್ ಯಾವ ಕಾರ್ಡಿಗೆ ಸೇರಿದ್ದು ಎಂಬ ನಂಟು ಜಾಲದ ಕಡತದಲ್ಲಿರುತ್ತದೆ. ಮನೆ ಬದಲಿಸಿದ ಮೇಲೂ ಹಳೆಯ ವಿಳಾಸದ ಕಾಗದವನ್ನು ಹೊಸ ಮನೆಗೇ ತಂದುಕೊಡುವ ಊರಿನ ಅಂಚೆಯಣ್ಣನ ಹಾಗೆ, ಕಾರ್ಡ್ ಬದಲಾದಾಗ ಜಾಲ ಒಳಗಿಂದೊಳಗೆ ನಂಟನ್ನು ಹೊಸ ಕಾರ್ಡಿಗೆ ಕಟ್ಟುತ್ತದೆ. ಕಂಪನಿ ಅದೇ ಟೋಕನ್ ಕಳಿಸುತ್ತಿರುತ್ತದೆ, ಏನು ಬದಲಾಗಿದೆ ಎಂದು ಕೇಳುವ ಅಗತ್ಯವೂ ಅದಕ್ಕಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಟೋಕನ್ ನಿಜಕ್ಕೂ ಒಳ್ಳೆಯದು. ಕಂಪನಿಯ ಕಂಪ್ಯೂಟರಿಗೆ ಕನ್ನ ಬಿದ್ದರೂ ಕಳ್ಳನ ಕೈಗೆ ಸಿಗುವುದು ಬೇರೆಡೆ ನಡೆಯದ ನಂಬರ್. ಆದರೆ ಕಾರ್ಡ್ ಬದಲಿಸಿ ಚಂದಾ ನಿಲ್ಲಿಸುತ್ತೇನೆ ಎನ್ನುವವರಿಗೆ ಇದು ಇನ್ನೂ ಗಟ್ಟಿಯಾದ ಗಂಟು.

ಈ ಏರ್ಪಾಡನ್ನು ಪೂರ್ತಿ ಕೆಟ್ಟದ್ದು ಎಂದು ನಾನು ಹೇಳಲಾರೆ. ಅಮೆರಿಕದಲ್ಲಿ ಮನೆಯ ವಿಮೆ, ಕಾರಿನ ವಿಮೆ, ವಿದ್ಯುತ್, ಫೋನ್, ಅಜ್ಜ ಅಜ್ಜಿಯರ ಔಷಧಿ ಎಲ್ಲವೂ ಕಾರ್ಡಿನ ಮೇಲೆ ನಡೆಯುತ್ತವೆ. ಕಾರ್ಡ್ ಬದಲಾದ ಒಂದೇ ಕಾರಣಕ್ಕೆ ವಿಮೆ ತಪ್ಪಿ, ಅದೇ ವಾರ ಅಪಘಾತವಾದರೆ ನಷ್ಟ 30 ಡಾಲರಿನದಲ್ಲ. 2013ರ ಕೊನೆಯಲ್ಲಿ ಟಾರ್ಗೆಟ್ ಅಂಗಡಿಗಳ ಕಂಪ್ಯೂಟರಿಗೆ ಕನ್ನ ಹಾಕಿದವರು ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದಾಗ ಬ್ಯಾಂಕುಗಳು ಭಾರೀ ಸಂಖ್ಯೆಯಲ್ಲಿ ಕಾರ್ಡುಗಳನ್ನು ಬದಲಿಸಿ ಕೊಡಬೇಕಾಯಿತು. ತಾವು ಯಾವ ತಪ್ಪೂ ಮಾಡದೆ ಹೊಸ ನಂಬರ್ ಪಡೆದ ಜನ, ತಮ್ಮ ಕಾರ್ಡ್ ಎಲ್ಲೆಲ್ಲಿ ಬರೆದಿಟ್ಟಿದೆ ಎಂದು ನೆನಪಿಸಿಕೊಂಡು ಒಂದೊಂದೇ ಕಡೆ ಬದಲಿಸುತ್ತ ಕೂರುವುದು ಸಣ್ಣ ಕಷ್ಟವಲ್ಲ. ಅಂಥ ಹೊತ್ತಿನಲ್ಲಿ ಈ ಸೇವೆ ಮನೆಗಳ ಬಿಲ್ಲುಗಳನ್ನು ಕಾಪಾಡುತ್ತದೆ.

ನನ್ನ ತಕರಾರು ಬೇರೆ. ಗ್ರಾಹಕರನ್ನು ಕೇಳುವುದಿಲ್ಲ ಎಂಬುದೇ ಅದು. ಬ್ಯಾಂಕಿನ ಕರಾರು ಪತ್ರದಲ್ಲಿ, ನಿಮ್ಮ ಹೊಸ ಕಾರ್ಡ್ ವಿವರವನ್ನು ನೀವು ಕಾರ್ಡ್ ಕೊಟ್ಟಿರುವ ಕಂಪನಿಗಳಿಗೆ ತಿಳಿಸಬಹುದು ಎಂಬ ಸಾಲು ಎಲ್ಲೋ ಇರುತ್ತದೆ, ಅಷ್ಟೇ. ಯಾರಿಗೆ ತಿಳಿಸಿದೆವು ಎಂಬ ಪಟ್ಟಿ ಹೊಸ ಕಾರ್ಡಿನ ಕವರಿನಲ್ಲಿ ಬರುವುದಿಲ್ಲ. ವಿಮೆಯನ್ನೂ ತೂಕ ಇಳಿಸುವ ಆ್ಯಪನ್ನೂ ಈ ಯಂತ್ರ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಇದರಿಂದ ನಿಜವಾದ ಪೆಟ್ಟು ಬೀಳುವ ಸಂದರ್ಭ ವಂಚನೆಯದು. ಕದ್ದ ಕಾರ್ಡ್ ನಂಬರಿನಿಂದ ಕಳ್ಳನೊಬ್ಬ ಯಾವುದೋ ಆನ್‌ಲೈನ್ ಸೇವೆಗೆ ಚಂದಾದಾರನಾಗಿದ್ದಾನೆ ಎಂದುಕೊಳ್ಳಿ. ಗ್ರಾಹಕರು ಒಂದು ದೊಡ್ಡ ಖರೀದಿಯನ್ನು ನೋಡಿ ದೂರು ಕೊಡುತ್ತಾರೆ, ಕಾರ್ಡ್ ಬದಲಾಗುತ್ತದೆ. ಆದರೆ 9 ಡಾಲರಿನ ಆ ಚಂದಾ ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ಬ್ಯಾಂಕ್ ಹೊಸ ನಂಬರನ್ನು ಅಪ್‌ಡೇಟರ್‌ಗೆ ಕಳಿಸಿದರೆ ಕಳ್ಳನ ಚಂದಾವೂ ಹೊಸ ಕಾರ್ಡಿಗೆ ದಾಟಿಬರುತ್ತದೆ. ಕಾರ್ಡ್ ಬದಲಿಸಿದರೂ ಮತ್ತೆ ವಂಚನೆ ಎಂದು ಜನ ಕಂಗಾಲಾಗುವುದು ಇಂಥಲ್ಲಿ. ಮತ್ತೆ ಕಾರ್ಡ್ ಬದಲಿಸಿದರೆ ಅದು ಮತ್ತೊಮ್ಮೆ ದಾಟಬಹುದು. ವಂಚನೆಯ ದೂರು ಕೊಡುವಾಗ ದೊಡ್ಡ ಮೊತ್ತ ಒಂದನ್ನೇ ಹೇಳದೆ, ಹಿಂದಿನ ಮೂರು ನಾಲ್ಕು ತಿಂಗಳ ಸ್ಟೇಟ್‌ಮೆಂಟಿನಲ್ಲಿ ನಮ್ಮದಲ್ಲದ ಸಣ್ಣ ಸಾಲುಗಳನ್ನೆಲ್ಲ ಹುಡುಕಿ ಹೇಳಬೇಕು ಎನ್ನುವುದು ಇದಕ್ಕೇ. ಜೊತೆಗೆ, ಹೊಸ ನಂಬರನ್ನು ಅಪ್‌ಡೇಟರ್ ಸೇವೆಗೆ ಕಳಿಸಬೇಡಿ ಎಂದು ಅದೇ ಫೋನಿನಲ್ಲಿ ಕೇಳಿಕೊಳ್ಳಬೇಕು.

ಪೆಟ್ಟು ತಿನ್ನುವ ಇನ್ನೊಂದು ಗುಂಪು ನಮಗೆ ಹತ್ತಿರದ್ದು. ಐದಾರು ವರ್ಷ ಅಲ್ಲಿದ್ದು ಬೆಂಗಳೂರಿಗೋ ಹುಬ್ಬಳ್ಳಿಗೋ ಮರಳಿದವರಲ್ಲಿ ಅಲ್ಲಿಯ ಬ್ಯಾಂಕ್ ಖಾತೆಯನ್ನು ಹಾಗೇ ಇಟ್ಟುಕೊಂಡವರು ಅನೇಕರಿದ್ದಾರೆ, ತೆರಿಗೆಯ ಹಣ ವಾಪಸು ಬರಬೇಕೆಂದೋ, ಉಳಿತಾಯ ಅಲ್ಲಿದೆಯೆಂದೋ. ಕಾರ್ಡಿನ ಅವಧಿ ಮುಗಿಯುತ್ತದೆ. ಹೊಸ ಕಾರ್ಡ್ ಅಲ್ಲಿಯ ಹಳೆಯ ಮನೆಗೋ ಗೆಳೆಯರ ಮನೆಗೋ ಹೋಗುತ್ತದೆ. ಕಾರ್ಡನ್ನು ಕಣ್ಣಾರೆ ಕಂಡೇ ಇಲ್ಲದಿದ್ದರೂ ಮರೆತುಹೋದ ಚಂದಾಗಳು ಆ ಖಾತೆಯನ್ನು ಕೊರೆಯುತ್ತಿರುತ್ತವೆ. ಅವಧಿ ಮುಗಿದಿದೆಯಲ್ಲ, ತಾನಾಗಿ ನಿಂತಿರುತ್ತದೆ ಎಂದು ಲಾಗಿನ್ ಆಗದೆ ಬಿಟ್ಟಷ್ಟೂ ಅದು ಬೆಳೆಯುತ್ತದೆ.

ಹೊಸ ನಂಬರ್ ದಾಟಿದೆಯೋ ಇಲ್ಲವೋ ಎಂದು ತಿಳಿಯುವುದು ಕಷ್ಟವಲ್ಲ. ಆ ಕಂಪನಿಯ ಜಾಲತಾಣದಲ್ಲಿ ನಮ್ಮ ಖಾತೆಗೆ ಹೋಗಿ ಬಿಲ್ಲಿಂಗ್ ಪುಟ ನೋಡಬೇಕು. ನಾವು ತುಂಬದೆಯೇ ಅಲ್ಲಿ ಹೊಸ ಕಾರ್ಡಿನ ಕೊನೆಯ ನಾಲ್ಕು ಅಂಕಿ ಅಥವಾ ಹೊಸ ಅವಧಿ ಕಾಣುತ್ತಿದ್ದರೆ ಅಪ್‌ಡೇಟರ್ ಕೆಲಸ ಮಾಡಿದೆ ಎಂದರ್ಥ. ಹಳೆಯ ಅಂಕಿಯೇ ಕಾಣುತ್ತಿದ್ದೂ ಹಣ ಹೋಗುತ್ತಿದ್ದರೆ ಅದು ಟೋಕನ್ ದಾರಿಯಾಗಿರಬಹುದು, ಇಲ್ಲವೇ ಬ್ಯಾಂಕ್ ಹಳೆಯ ವಿವರವನ್ನೇ ಒಪ್ಪುತ್ತಿರಬಹುದು. ಕೆಲವು ಬ್ಯಾಂಕುಗಳ ಆ್ಯಪ್‌ನಲ್ಲಿ, ನಿಮ್ಮ ಕಾರ್ಡ್ ಎಲ್ಲೆಲ್ಲಿ ಉಳಿಸಿಡಲಾಗಿದೆ, ಯಾವ ಯಾವ ಕಡಿತ ಮರುಕಳಿಸುತ್ತಿದೆ ಎಂಬ ಪಟ್ಟಿಯೂ ಸಿಗುತ್ತದೆ. ಕಾರ್ಡ್ ಬದಲಾದ ತಿಂಗಳು ಅದನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ವರ್ಷಕ್ಕೊಮ್ಮೆ ಬರುವ ಚಂದಾ ಮಾತ್ರ ಇಂಥ ಪಟ್ಟಿಯಿಂದ ತಪ್ಪಿಸಿಕೊಳ್ಳುವುದುಂಟು. ಅದಕ್ಕಾಗಿ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತಿರುವಿ ಹಾಕಲೇಬೇಕು.

ಇನ್ನು ನಿಲ್ಲಿಸುವ ಮಾತು. ಚಂದಾ ಎನ್ನುವುದು ಗ್ರಾಹಕರಿಗೂ ಕಂಪನಿಗೂ ನಡುವಿನ ಒಪ್ಪಂದ, ಕಾರ್ಡ್ ಅದಕ್ಕೆ ಹಣ ಹೋಗುವ ದಾರಿ ಮಾತ್ರ. ಆದ್ದರಿಂದ ಮೊದಲು ರದ್ದು ಮಾಡಬೇಕಾದದ್ದು ಕಂಪನಿಯಲ್ಲೇ, ಮಾಡಿದ್ದಕ್ಕೆ ಒಂದು ಗುರುತು ಇಟ್ಟುಕೊಂಡು. ರದ್ದಾಯಿತು ಎಂಬ ಇಮೇಲ್, ಆ ಪುಟದ ಚಿತ್ರ, ಚಾಟ್‌ನ ಪ್ರತಿ, ಯಾವುದಾದರೂ ಸರಿ, ತಾರೀಕು ಕಾಣುವಂತಿರಬೇಕು. ಆನ್‌ಲೈನ್‌ನಲ್ಲಿ ಚಂದಾ ಮಾರುವವರು ಅದನ್ನು ನಿಲ್ಲಿಸಲು ಸರಳ ದಾರಿಯನ್ನೂ ಕೊಡಬೇಕು ಎಂಬ ಕಾನೂನು ಅಮೆರಿಕದಲ್ಲಿ 2010ರಿಂದ ಇದೆ. ಸೇರಿದಷ್ಟೇ ಸುಲಭವಾಗಿ ಹೊರಬರುವಂತಿರಬೇಕು ಎಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಇನ್ನಷ್ಟು ಕಟ್ಟುನಿಟ್ಟಿನ ನಿಯಮ ತಂದಿತ್ತು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆ ನಿಯಮ ಉಳಿದಿದ್ದರೆ ಕಾರ್ಡ್ ಬದಲಿಸುವ ಉಪಾಯ ಹುಡುಕುವವರೇ ಕಡಿಮೆಯಾಗುತ್ತಿದ್ದರು ಎಂದು ನನಗನ್ನಿಸುತ್ತದೆ.

ಕಂಪನಿ ಸ್ಪಂದಿಸದಿದ್ದರೆ ಬ್ಯಾಂಕಿಗೆ ಹೋಗಬೇಕು. ಅಲ್ಲಿ ಏನು ಕೇಳುತ್ತೇವೆ ಎಂಬುದು ಮುಖ್ಯ. ಹೊಸ ಕಾರ್ಡ್ ಕೊಡಿ ಎಂದು ಕೇಳಿದರೆ ಸಿಗುವುದು ಹೊಸ ಕಾರ್ಡ್ ಮಾತ್ರ. ಇಂಥ ಕಂಪನಿಗೆ ನಾನು ಕೊಟ್ಟಿದ್ದ ಅನುಮತಿಯನ್ನು ಹಿಂದಕ್ಕೆ ಪಡೆದಿದ್ದೇನೆ, ಇನ್ನು ಮುಂದೆ ಅವರ ಯಾವ ಕಡಿತವನ್ನೂ ಒಪ್ಪಬೇಡಿ ಎಂದು ಹೇಳಬೇಕು. ಡೆಬಿಟ್ ಕಾರ್ಡ್ ಆದರೆ ಅಮೆರಿಕದ ಕಾನೂನು ಇದಕ್ಕೆ ಬೆಂಬಲವಾಗಿದೆ. ಹಣ ಹೋಗಬೇಕಾದ ದಿನಕ್ಕೆ ಕನಿಷ್ಠ ಮೂರು ಕೆಲಸದ ದಿನ ಮೊದಲು ತಿಳಿಸಿದರೆ ಬ್ಯಾಂಕ್ ಆ ಕಡಿತವನ್ನು ನಿಲ್ಲಿಸಲೇಬೇಕು. ಬಾಯಿಮಾತಿನಲ್ಲಿ ಹೇಳಿದರೂ ನಡೆಯುತ್ತದೆ. ಆದರೆ 14 ದಿನದೊಳಗೆ ಬರಹದಲ್ಲಿ ಕೊಡಿ ಎಂದು ಬ್ಯಾಂಕ್ ಕೇಳಬಹುದು, ಕೊಡದಿದ್ದರೆ ಬಾಯಿಮಾತಿನ ಬಲ ಅಲ್ಲಿಗೆ ಮುಗಿಯುತ್ತದೆ. ನಮ್ಮ ಎಡಿಸನ್ ಗ್ರಾಹಕಿಯ ಲೆಕ್ಕದಲ್ಲಿ 20ನೇ ತಾರೀಕು ಶುಕ್ರವಾರ ಎಂದಾದರೆ, ಮಂಗಳವಾರ 17ರೊಳಗೆ ಬ್ಯಾಂಕಿಗೆ ಹೇಳಿರಬೇಕಿತ್ತು. ಕಾರ್ಡ್ ಕಳೆದ 7ನೇ ತಾರೀಕಿನ ಅದೇ ಫೋನಿನಲ್ಲಿ ಈ ಒಂದು ವಾಕ್ಯ ಸೇರಿಸಿದ್ದರೆ 30 ಡಾಲರ್ ಉಳಿಯುತ್ತಿತ್ತು.

ಬ್ಯಾಂಕ್ ಹೀಗೆ ತಡೆ ಹಾಕಿದಾಗ ಅದು ಕಂಪನಿಯ ಹೆಸರಿನ ಮೇಲೆ ಕೂರುತ್ತದೆ, ಕಾರ್ಡ್ ನಂಬರಿನ ಮೇಲಲ್ಲ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡರಲ್ಲೂ ಇದಕ್ಕೆಂದೇ ತಡೆ ಸೇವೆಗಳಿವೆ. ಮುಂದಿನ ಬೇಡಿಕೆ ಬಂದಾಗ, ಗ್ರಾಹಕರು ಅನುಮತಿ ಹಿಂಪಡೆದಿದ್ದಾರೆ ಎಂಬ ಕಾರಣದೊಂದಿಗೇ ತಿರಸ್ಕಾರ ಹೋಗುತ್ತದೆ. ಖಾತೆಯಲ್ಲಿ ಹಣವಿಲ್ಲ ಎಂಬ ಉತ್ತರ ಬಂದರೆ ಕಂಪನಿ ನಾಲ್ಕು ದಿನ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಅನುಮತಿ ಇಲ್ಲ ಎಂಬ ಉತ್ತರ ಬಂದ ಮೇಲೆ ಮತ್ತೆ ಕೇಳುವಂತಿಲ್ಲ. ತಡೆಯಾಜ್ಞೆಗೆ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ, ಮೊದಲೇ ಕೇಳಿಕೊಳ್ಳಬೇಕು. ಅಪ್‌ಡೇಟರ್ ಸೇವೆಯಿಂದಲೇ ನನ್ನ ಕಾರ್ಡನ್ನು ಹೊರಗಿಡಿ ಎಂದೂ ಬ್ಯಾಂಕನ್ನು ಕೇಳಬಹುದು. ಆದರೆ ಅದು ಎಲ್ಲ ಕಂಪನಿಗಳಿಗೂ ಒಟ್ಟಿಗೆ ಅನ್ವಯಿಸುತ್ತದೆ. ಹೊರಬಂದವರು ಮುಂದಿನ ಸಲ ಕಾರ್ಡ್ ಬದಲಾದಾಗ ವಿಮೆ, ವಿದ್ಯುತ್ ಎಲ್ಲವನ್ನೂ ತಾವೇ ಬದಲಿಸಲು ಸಿದ್ಧರಿರಬೇಕು.

ಹಣ ಹೋಗಿಬಿಟ್ಟಿದ್ದರೆ? ಆ ಕಡಿತ ಕಾಣಿಸಿದ ಸ್ಟೇಟ್‌ಮೆಂಟ್ ಕಳಿಸಿದ ದಿನದಿಂದ 60 ದಿನದೊಳಗೆ ತಕರಾರು ಸಲ್ಲಿಸಬೇಕು. ಡೆಬಿಟ್‌ಗೂ ಕ್ರೆಡಿಟ್‌ಗೂ ಕಾನೂನು ಬೇರೆ ಬೇರೆಯಾದರೂ ಈ 60 ದಿನ ಎರಡಕ್ಕೂ ಇದೆ. ರದ್ದು ಮಾಡಿದ ಮೇಲೂ ಎಳೆದರು ಎಂದು ತೋರಿಸಲು ಆ ಇಮೇಲ್ ಬೇಕಾಗುವುದು ಇಲ್ಲೇ. ರದ್ದು ಮಾಡದೆ ಬರೀ ಕಾರ್ಡ್ ಬದಲಿಸಿದ್ದೆ ಎಂದರೆ ಆ ತಕರಾರು ನಿಲ್ಲುವುದು ಕಷ್ಟ. ಅನುಮತಿ ಇನ್ನೂ ಇತ್ತು ಎಂದು ಕಂಪನಿ ಹೇಳುತ್ತದೆ, ಅದು ಹೇಳುವುದು ನಿಜವೂ ಹೌದು. ಬ್ಯಾಂಕಿನ ತಡೆಗೆ ಇರುವ ಮಿತಿಯೂ ಇದೇ. ಒಂದು ವರ್ಷಕ್ಕೆ ಸಹಿ ಹಾಕಿದ ಜಿಮ್‌ಗೆ ಹಣ ತಡೆದರೆ, ಹಣ ತಡೆಯುತ್ತದೆಯೇ ಹೊರತು ಒಪ್ಪಂದ ಮುರಿಯುವುದಿಲ್ಲ. ಉಳಿದ ತಿಂಗಳುಗಳ ಬಾಕಿಯನ್ನು ಅವರು ಸಾಲ ವಸೂಲಿಯವರಿಗೆ ಒಪ್ಪಿಸಬಹುದು.

ಖಾತೆಯನ್ನೇ ಮುಚ್ಚಿದರೆ ಮಾತ್ರ ಅಪ್‌ಡೇಟರ್ ಸುಮ್ಮನಾಗುತ್ತದೆ. ಆಗ ಕಂಪನಿಗೆ ಹೋಗುವ ಉತ್ತರ, ಖಾತೆ ಮುಚ್ಚಿದೆ ಎಂಬುದು. ಬೇರೆ ಬ್ಯಾಂಕಿನಲ್ಲಿ ಹೊಸದಾಗಿ ಖಾತೆ ತೆರೆದರೆ ಆ ಕಾರ್ಡಿನ ವಿವರ ತಾನಾಗಿ ದಾಟುವುದಿಲ್ಲ, ಏಕೆಂದರೆ ಹಳೆಯದನ್ನೂ ಹೊಸದನ್ನೂ ಜೋಡಿಸುವ ಸಾಲನ್ನು ಯಾವ ಬ್ಯಾಂಕೂ ಕಳಿಸಿರುವುದಿಲ್ಲ. ಊರಿಗೆ ಮರಳಿದವರು ಆ ಖಾತೆಯಿಂದ ಇನ್ನು ಕೆಲಸವಿಲ್ಲ ಎಂದಾದರೆ ಅದನ್ನು ಮುಚ್ಚಿಸಿಬಿಡುವುದೇ ನೇರವಾದ ದಾರಿ.

ಕರ್ನಾಟಕದಲ್ಲಿ ಕೂತು ಇಲ್ಲಿಯ ಬ್ಯಾಂಕಿನ ಕಾರ್ಡ್ ಬಳಸುವವರ ಪಾಡು ಹೀಗಿಲ್ಲ. ರಿಸರ್ವ್ ಬ್ಯಾಂಕ್ ಈ ವಿಷಯದಲ್ಲಿ ಬೇರೆಯೇ ದಾರಿ ಹಿಡಿಯಿತು. ಅಂಗಡಿಗಳು ಕಾರ್ಡ್ ನಂಬರನ್ನು ಇಟ್ಟುಕೊಳ್ಳುವಂತಿಲ್ಲ, ಟೋಕನ್ ಮಾತ್ರ ಇಟ್ಟುಕೊಳ್ಳಬಹುದು ಎಂಬ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಆ ಟೋಕನ್ ಬಗ್ಗೆ 2021ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಸುತ್ತೋಲೆಯಲ್ಲಿ ಒಂದು ಮುಖ್ಯ ಸಾಲಿದೆ. ಕಾರ್ಡ್ ನವೀಕರಣಗೊಂಡರೆ ಅಥವಾ ಬದಲಾದರೆ, ಮೊದಲು ನೋಂದಾಯಿಸಿದ್ದ ಅಂಗಡಿಗಳಿಗೆ ಹೊಸ ಕಾರ್ಡನ್ನು ಜೋಡಿಸಲು ಬ್ಯಾಂಕ್ ಗ್ರಾಹಕರ ಸ್ಪಷ್ಟ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಅದು. ಅಲ್ಲಿ ಕೇಳದೆ ನಡೆಯುವ ಕೆಲಸವನ್ನು ಇಲ್ಲಿ ಕೇಳಿ ಮಾಡಬೇಕು. ಯಾವ ಯಾವ ಅಂಗಡಿಯಲ್ಲಿ ನಮ್ಮ ಟೋಕನ್ ಇದೆ ಎಂಬ ಪಟ್ಟಿಯನ್ನು ಬ್ಯಾಂಕ್ ತೋರಿಸಬೇಕು, ಬೇಡವಾದದ್ದನ್ನು ತೆಗೆಯಲು ಅವಕಾಶ ಕೊಡಬೇಕು ಎಂದೂ ಅದೇ ಸುತ್ತೋಲೆ ಹೇಳುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ವಿಭಾಗದೊಳಗೆ ಹುಡುಕಿದರೆ ಆ ಪಟ್ಟಿ ಸಿಗುತ್ತದೆ.

ಇದಲ್ಲದೆ ಮರುಕಳಿಸುವ ಕಡಿತಕ್ಕೆ 2021ರ ಅಕ್ಟೋಬರ್‌ನಿಂದ ಇ-ಮ್ಯಾಂಡೇಟ್ ಕಡ್ಡಾಯವಾಗಿದೆ, ಹಣ ಕೇಳುವ ಕಂಪನಿ ವಿದೇಶದ್ದಾದರೂ ಸರಿ. ಶುರುವಿನಲ್ಲಿ ಒಟಿಪಿ ಕೊಟ್ಟು ನೋಂದಾಯಿಸಬೇಕು, ಹಣ ಹೋಗುವ 24 ಗಂಟೆ ಮೊದಲು ಬ್ಯಾಂಕಿನಿಂದ ಸೂಚನೆ ಬರಬೇಕು, ಬೇಡವೆನಿಸಿದರೆ ಅಲ್ಲೇ ನಿಲ್ಲಿಸಬಹುದು. ಈ ನಿಯಮ ಬಂದ ತಿಂಗಳು ಬಹಳ ಜನರ ಚಂದಾಗಳು, ಬಿಲ್ಲುಗಳು ಒಮ್ಮೆಲೇ ನಿಂತುಹೋಗಿ ಗೊಂದಲವಾಯಿತು ಎಂಬುದೂ ನಿಜ. ಕೇಳಿ ಮಾಡುವ ಪದ್ಧತಿಗೆ ತೆರಬೇಕಾದ ಬೆಲೆ ಅದು. ನಾನಂತೂ ಆ ಬೆಲೆ ತೆರಬಹುದಾದದ್ದೇ ಎಂದುಕೊಳ್ಳುತ್ತೇನೆ. ನಿಂತ ಬಿಲ್ಲಿನ ಬಗ್ಗೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ, ನಿಲ್ಲದ ಕಡಿತದ ಬಗ್ಗೆ ಯಾರೂ ಕೇಳುವುದಿಲ್ಲ.

ಇಲ್ಲಿಯವರೂ ಎಡವಬಹುದಾದ ಜಾಗ ಯುಪಿಐ ಆಟೋಪೇ. ಅದಕ್ಕೂ ಡೆಬಿಟ್ ಕಾರ್ಡಿಗೂ ನಂಟಿಲ್ಲ, ಅದು ಕೂತಿರುವುದು ಬ್ಯಾಂಕ್ ಖಾತೆಯ ಮೇಲೆ. ಕಾರ್ಡ್ ಕಳೆದು ಹೊಸದು ಬಂದರೂ, ಕಾರ್ಡನ್ನೇ ರದ್ದು ಮಾಡಿದರೂ ಆಟೋಪೇ ತನ್ನ ಪಾಡಿಗೆ ತಾನು ನಡೆಯುತ್ತದೆ. ನಿಲ್ಲಿಸಬೇಕೆಂದರೆ ಅದನ್ನು ನೋಂದಾಯಿಸಿದ ಯುಪಿಐ ಆ್ಯಪ್ ತೆರೆದು, ಆಟೋಪೇ ಅಥವಾ ಮ್ಯಾಂಡೇಟ್ ಎಂಬಲ್ಲಿ ಆ ಕಂಪನಿಯ ಹೆಸರನ್ನು ಹುಡುಕಿ, ಅಲ್ಲಿಂದಲೇ ರದ್ದು ಮಾಡಿ ಯುಪಿಐ ಪಿನ್ ಒತ್ತಬೇಕು.